ಒಂದೊಂದೇ ಪರ್ಸೆಂಟ್ ಸೇರಿ 34: ಚಿಲ್ಲರೆ ಮ್ಯಾಚ್‌ಗಳ ರಿಪೋರ್ಟ್ ಓದುವುದು ಹೇಗೆ

ಪ್ರಬಂಧ ಅಪ್‌ಲೋಡ್ ಮಾಡಿದಿರಿ. ಬರಹದ ಹೋಲಿಕೆ ಹುಡುಕುವ ಸಾಫ್ಟ್‌ವೇರ್ ಟರ್ನಿಟಿನ್‌ನಿಂದ ರಿಪೋರ್ಟ್ ಬಂತು. ಮೇಲೆ ದೊಡ್ಡದಾಗಿ 34% ಅಂತಿದೆ. ಎದೆ ಧಸಕ್ಕೆಂದಿತು. ಆದರೆ ಬಲಗಡೆಯ ಪಟ್ಟಿ ನೋಡಿದರೆ ವಿಚಿತ್ರ. ಮೊದಲ ಸೋರ್ಸ್ 2%, ಆಮೇಲೆ 1%, 1%, 1%, ಇನ್ನೂ ಕೆಳಗೆ ಇಳಿದರೆ `<1%` ಅಂತ ಸಾಲುಗಟ್ಟಿ ನಿಂತಿವೆ. ಒಟ್ಟು 58 ಸೋರ್ಸ್. ಒಂದರಿಂದಲೂ ನೀವು ಕದ್ದ ಹಾಗೆ ಕಾಣುವುದಿಲ್ಲ. ಆದರೂ ಒಟ್ಟು ಮೂವತ್ನಾಲ್ಕು!

ಇಲ್ಲಿ ಜನ ಎರಡು ತಪ್ಪು ಮಾಡುತ್ತಾರೆ. ಕೆಲವರು "ಎಲ್ಲ ಒಂದೊಂದೇ ಪರ್ಸೆಂಟ್ ತಾನೇ, ಏನೂ ಆಗಲ್ಲ" ಎಂದು ಸುಮ್ಮನಾಗುತ್ತಾರೆ. ಇನ್ನು ಕೆಲವರು ಗಾಬರಿಯಾಗಿ, ಬಣ್ಣ ಬಳಿದ ಪ್ರತಿ ಪದವನ್ನೂ ಬದಲಿಸುತ್ತಾ ಕೂತು, ಚೆನ್ನಾಗಿದ್ದ ವಾಕ್ಯವನ್ನೂ ಕೆಡಿಸುತ್ತಾರೆ. ನಾನು ಇಂಥ ರಿಪೋರ್ಟ್‌ಗಳನ್ನು ವಿದ್ಯಾರ್ಥಿಗಳ ಪಕ್ಕ ಕೂತು ಬಹಳ ಸಲ ಓದಿದ್ದೇನೆ. ಚಿಲ್ಲರೆ ಮ್ಯಾಚ್‌ಗಳಲ್ಲಿ ಹೆಚ್ಚಿನವು ನಿರುಪದ್ರವಿ. ಆದರೆ ಅವುಗಳ ನಡುವೆಯೇ ನಿಜವಾದ ಸಮಸ್ಯೆ ಬಚ್ಚಿಟ್ಟುಕೊಳ್ಳುವುದೂ ಉಂಟು. ಎರಡನ್ನೂ ಬೇರ್ಪಡಿಸಲು ಸೋರ್ಸ್‌ಗಳ ಪಟ್ಟಿ ಸಾಲದು. ಪ್ರಬಂಧದ ಪುಟವನ್ನೇ ನೋಡಬೇಕು.

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. 8,000 ಪದಗಳ ಪ್ರಬಂಧ, ವಿಷಯ ಮೊಬೈಲ್ ಬಳಕೆ ಮತ್ತು ನಿದ್ದೆ. ಮೇಲೆ ಹೇಳಿದ 34%, 58 ಸೋರ್ಸ್ ಇದರದ್ದೇ. ಲೆಕ್ಕ ಸುಲಭವಾಗಲಿ ಎಂದು ನಾನೇ ಕಟ್ಟಿದ ಉದಾಹರಣೆ ಇದು, ಆದರೆ ಇದರೊಳಗಿನ ಒಂದೊಂದು ಭಾಗವನ್ನೂ ನಿಜವಾದ ರಿಪೋರ್ಟ್‌ಗಳಲ್ಲಿ ಕಂಡಿದ್ದೇನೆ.

ಹಂತ 1: ಪರ್ಸೆಂಟನ್ನು ಪದಗಳಿಗೆ ಇಳಿಸಿ

ಮೊದಲು ಕ್ಯಾಲ್ಕುಲೇಟರ್ ತೆಗೆಯಿರಿ. 8,000ದಲ್ಲಿ 34% ಅಂದರೆ 2,720 ಪದ. 1% ಅಂದರೆ 80 ಪದ, ಅಂದರೆ ನಾಲ್ಕೈದು ವಾಕ್ಯ.

ಈ ಒಂದು ಲೆಕ್ಕ ತುಂಬಾ ಜನರ ಕಣ್ಣು ತೆರೆಸುತ್ತದೆ. ಏಕೆಂದರೆ 1% ಎನ್ನುವುದು ಎಲ್ಲ ಕಡೆ ಒಂದೇ ಅಲ್ಲ. 1,500 ಪದಗಳ ಅಸೈನ್‌ಮೆಂಟಿನಲ್ಲಿ 1% ಎಂದರೆ 15 ಪದ, ಹೆಚ್ಚೆಂದರೆ ಒಂದು ವಾಕ್ಯ. 60,000 ಪದಗಳ ಪಿಎಚ್‌ಡಿ ಪ್ರಬಂಧದಲ್ಲಿ ಅದೇ 1% ಎಂದರೆ 600 ಪದ, ಅಂದರೆ ಒಂದು ಪುಟಕ್ಕೂ ಹೆಚ್ಚು! "ಒಂದೇ ಪರ್ಸೆಂಟ್" ಎಂದು ದೊಡ್ಡ ಪ್ರಬಂಧದವರು ನಕ್ಕುಬಿಡುವ ಹಾಗಿಲ್ಲ. ಅಲ್ಲಿ `<1%` ಎಂದು ತೋರಿಸುವ ಸೋರ್ಸ್ ಕೂಡ ಒಂದಿಡೀ ಪ್ಯಾರಾ ಆಗಿರಬಹುದು.

ಜೊತೆಗೆ ಪಟ್ಟಿಯಲ್ಲಿರುವ ಅಂಕಿಗಳು ಪೂರ್ಣಾಂಕಕ್ಕೆ ತಂದವು. ಅವನ್ನು ನೀವೇ ಕೂಡಿಸಿ ನೋಡಿದರೆ ಒಟ್ಟು ಮೊತ್ತಕ್ಕೆ ಸರಿಯಾಗಿ ಹೊಂದದಿರಬಹುದು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹಂತ 2: ಪಟ್ಟಿ ಹೇಗೆ ತಯಾರಾಗುತ್ತದೆ ಎಂದು ತಿಳಿದುಕೊಳ್ಳಿ

ಟರ್ನಿಟಿನ್ ನಿಮ್ಮ ಬರಹವನ್ನು ವೆಬ್ ಪುಟಗಳು, ಪ್ರಕಟಿತ ಲೇಖನಗಳು ಮತ್ತು ಹಿಂದೆ ಸಲ್ಲಿಕೆಯಾದ ವಿದ್ಯಾರ್ಥಿಗಳ ಬರಹಗಳ ಜೊತೆ ಹೋಲಿಸುತ್ತದೆ. ಹೊಂದುವ ತುಣುಕಿಗೆ ಬಣ್ಣ ಬಳಿಯುತ್ತದೆ. ಅದು ಹೇಳುವುದು ಹೋಲಿಕೆಯನ್ನು ಮಾತ್ರ. ಅದು ಕೃತಿಚೌರ್ಯ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ಓದುವ ಮನುಷ್ಯರ ಕೆಲಸ.

ಒಂದೇ ವಾಕ್ಯ ನೂರು ಕಡೆ ಇರಬಹುದು. ಆದರೆ `Match Overview` ಪಟ್ಟಿಯಲ್ಲಿ ಒಂದು ತುಣುಕಿಗೆ ಒಂದೇ ಸೋರ್ಸ್ ಸಿಗುತ್ತದೆ, ಚೆನ್ನಾಗಿ ಹೊಂದುವಂಥದ್ದು. ಉಳಿದವು ಅದರ ಹಿಂದೆ ಅಡಗಿರುತ್ತವೆ. ಅಡಗಿದವನ್ನೂ ನೋಡಬೇಕಾದರೆ `All Sources` ತೆರೆಯಬೇಕು. ಹಾಗಾಗಿ ಮೊದಲ ಪಟ್ಟಿಯಲ್ಲಿ ಬಂದ ಹೆಸರು ನೀವು ನಿಜವಾಗಿ ಓದಿದ ಮೂಲವೇ ಆಗಿರಬೇಕಿಲ್ಲ. "ನಾನು ಆ ವೆಬ್‌ಸೈಟ್ ನೋಡೇ ಇಲ್ಲ" ಎಂದು ವಿದ್ಯಾರ್ಥಿಗಳು ಹೇಳುವುದು ಬಹಳ ಸಲ ನಿಜ. ಆದರೆ ಅದರಿಂದ ಆ ವಾಕ್ಯ ನಿಮ್ಮದೇ ಎಂದು ಸಾಬೀತಾಗುವುದಿಲ್ಲ.

ಹಂತ 3: ಲೆಕ್ಕಕ್ಕೆ ಬರಬಾರದ್ದನ್ನು ಪಕ್ಕಕ್ಕಿಡಿ

ಫಿಲ್ಟರ್‌ಗಳಲ್ಲಿ `Exclude Bibliography` ಮತ್ತು `Exclude Quotes` ಎರಡನ್ನೂ ಹಾಕಿ. ನಿಮಗೆ ಬದಲಿಸುವ ಅನುಮತಿ ಇಲ್ಲದಿದ್ದರೆ ಗೈಡ್ ಅಥವಾ ಲೈಬ್ರರಿಯವರನ್ನು ಕೇಳಿ.

ನಮ್ಮ ಉದಾಹರಣೆಯಲ್ಲಿ ಕೊನೆಯ ರೆಫರೆನ್ಸ್ ಪಟ್ಟಿಯೊಂದೇ 900 ಪದಗಳ ಮ್ಯಾಚ್ ಕೊಟ್ಟಿತ್ತು. ಇದರಲ್ಲಿ ಅಚ್ಚರಿ ಇಲ್ಲ. ಒಂದು ಲೇಖನದ ಹೆಸರು, ಲೇಖಕರು, ವರ್ಷ, ಪತ್ರಿಕೆ ಇವನ್ನು ಎಲ್ಲರೂ ಒಂದೇ ಥರ ಬರೆಯಬೇಕು. ಒಂದೊಂದು ನಮೂದೂ ಒಂದೊಂದು ಬೇರೆ ಪ್ರಬಂಧದ ಪಟ್ಟಿಗೆ ಹೊಂದುತ್ತದೆ. ಚಿಲ್ಲರೆ ಸೋರ್ಸ್‌ಗಳ ಸಂಖ್ಯೆ ಐವತ್ತು ದಾಟಲು ಇದು ದೊಡ್ಡ ಕಾರಣ. ಉಲ್ಲೇಖ ಚಿಹ್ನೆಯೊಳಗೆ ಇಟ್ಟ ನೇರ ಮಾತುಗಳು 150 ಪದ. ಎರಡನ್ನೂ ತೆಗೆದ ಮೇಲೆ 1,670 ಪದ ಉಳಿಯಿತು.

ಫಿಲ್ಟರ್ ಹಾಕಿದರೂ ರೆಫರೆನ್ಸ್ ಪಟ್ಟಿಗೆ ಬಣ್ಣ ಹಾಗೇ ಇದ್ದರೆ ಶೀರ್ಷಿಕೆ ನೋಡಿ. `References`, `Bibliography`, `Works Cited` ಇಂಥ ರೂಢಿಯ ಶೀರ್ಷಿಕೆ ಬೇರೆ ಸಾಲಿನಲ್ಲಿ ಇದ್ದರೆ ಸಾಫ್ಟ್‌ವೇರ್ ಗುರುತಿಸುತ್ತದೆ. ನಿಮ್ಮದೇ ಹೊಸ ಹೆಸರು ಕೊಟ್ಟರೆ ಅದಕ್ಕೆ ಗೊತ್ತಾಗದಿರಬಹುದು. ಉಲ್ಲೇಖಕ್ಕೂ ಹಾಗೆಯೇ. ಜೋಡಿ ಉಲ್ಲೇಖ ಚಿಹ್ನೆ ಹಾಕಿ. ಒಂಟಿ ಚಿಹ್ನೆಯನ್ನು ಅದು ಉಲ್ಲೇಖ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ದೊಡ್ಡ ತುಂಡು ಅನುಬಂಧದಲ್ಲಿತ್ತು. ನಿದ್ದೆಯ ಗುಣಮಟ್ಟ ಅಳೆಯಲು 1989ರಿಂದ ಬಳಕೆಯಲ್ಲಿರುವ ಪಿಟ್ಸ್‌ಬರ್ಗ್ ಸ್ಲೀಪ್ ಕ್ವಾಲಿಟಿ ಇಂಡೆಕ್ಸ್ ಎಂಬ ಪ್ರಶ್ನಾವಳಿಯನ್ನು ಪೂರ್ತಿ ಸೇರಿಸಲಾಗಿತ್ತು. ಅದು 420 ಪದ, ಪಟ್ಟಿಯಲ್ಲಿ ಹಲವು ಸೋರ್ಸ್‌ಗಳಿಗೆ ಹಂಚಿಹೋಗಿತ್ತು. ಪ್ರಶ್ನಾವಳಿಯ ಪದ ಬದಲಿಸಿದರೆ ಅಳತೆಯೇ ಕೆಟ್ಟುಹೋಗುತ್ತದೆ, ಹಾಗಾಗಿ ಅದು ಮ್ಯಾಚ್ ಆಗಲೇಬೇಕು. ಇಲ್ಲಿ ಸೋರ್ಸ್‌ಗಳನ್ನು ಒಂದೊಂದಾಗಿ ತೆಗೆದುಹಾಕಲು ಹೋಗಬೇಡಿ. ಒಂದನ್ನು ತೆಗೆದರೆ ಹಿಂದೆ ಅಡಗಿದ್ದ ಇನ್ನೊಂದು ಮೇಲೆ ಬರುತ್ತದೆ. ನಿಯಮ ಒಪ್ಪಿದರೆ ಅನುಬಂಧವಿಲ್ಲದ ಫೈಲ್ ಹಾಕಿ. ಒಪ್ಪದಿದ್ದರೆ ಅಷ್ಟು ಪದ ಪ್ರಶ್ನಾವಳಿಯದ್ದು ಎಂದು ಗೈಡ್‌ಗೆ ಬರೆದು ತಿಳಿಸಿ.

ಈಗ ಉಳಿದದ್ದು 1,250 ಪದ. 8,000ಕ್ಕೆ ಸುಮಾರು 16%.

ಮಾಡಬಾರದ ಒಂದು ಕೆಲಸ

ಫಿಲ್ಟರ್‌ಗಳಲ್ಲಿ ಚಿಕ್ಕ ಸೋರ್ಸ್‌ಗಳನ್ನು ಬಿಟ್ಟುಬಿಡುವ ಆಯ್ಕೆಯೂ ಇದೆ: `Exclude sources that are less than`. ಪಕ್ಕದಲ್ಲಿ ಪದಗಳ ಸಂಖ್ಯೆ ಅಥವಾ ಪರ್ಸೆಂಟ್ ಕೊಡಬಹುದು. ಅಲ್ಲಿ 2% ಎಂದು ಕೊಟ್ಟರೆ ಏನಾಗುತ್ತದೆ ಊಹಿಸಿ. ನಮ್ಮ ಉದಾಹರಣೆಯಲ್ಲಿ ಒಂದೊಂದು ಪರ್ಸೆಂಟಿನವೆಲ್ಲ ಮಾಯ! 34 ಇದ್ದದ್ದು 2ಕ್ಕೆ ಇಳಿಯುತ್ತದೆ. ಮ್ಯಾಜಿಕ್ ಥರ.

ಒಬ್ಬ ವಿದ್ಯಾರ್ಥಿ ನನಗೆ ಹೀಗೇ ಇಳಿಸಿದ ರಿಪೋರ್ಟ್ ತೋರಿಸಿ ನಿರಾಳವಾಗಿದ್ದ. ಪರೀಕ್ಷಕರು ಅದೇ ಫೈಲನ್ನು ಫಿಲ್ಟರ್ ಇಲ್ಲದೆ ತೆರೆದರು. ಆಮೇಲೆ ಮಾತಾಡಬೇಕಾಗಿ ಬಂದದ್ದು ಬರಹದ ಬಗ್ಗೆ ಅಲ್ಲ, ಆ ಫಿಲ್ಟರ್ ಯಾಕೆ ಹಾಕಿದೆ ಎನ್ನುವುದರ ಬಗ್ಗೆ. ಸಂಸ್ಥೆಯ ನಿಯಮದಲ್ಲೇ ಮಿತಿ ಹೇಳಿದ್ದರೆ ಅಷ್ಟನ್ನೇ ಹಾಕಿ. ನೀವಾಗಿ ಹಾಕುವುದಾದರೆ ಪರ್ಸೆಂಟ್ ಮುಟ್ಟಬೇಡಿ. 8 ಅಥವಾ 10 ಪದದಂಥ ಚಿಕ್ಕ ಮಿತಿ ಕೊಟ್ಟು, ಗದ್ದಲ ಕಡಿಮೆ ಮಾಡಿಕೊಂಡು ನೋಡಿ, ಮತ್ತೆ ತೆಗೆದುಬಿಡಿ.

ಹಂತ 4: ಬಣ್ಣ ಎಲ್ಲಿ ಗುಂಪಾಗಿದೆ ನೋಡಿ

ಇದೇ ಮುಖ್ಯ ಹಂತ. ನಿಧಾನವಾಗಿ ಮಾಡಿ.

ಬಲಗಡೆಯ ಪಟ್ಟಿಯನ್ನು ಮರೆತು, ಪ್ರಬಂಧವನ್ನು ಮೊದಲ ಪುಟದಿಂದ ಕೊನೆಯವರೆಗೆ ಸುಮ್ನೆ ಸ್ಕ್ರೋಲ್ ಮಾಡಿ. ಯಾವ ಪುಟದಲ್ಲಿ ಬಣ್ಣ ಅಲ್ಲೊಂದು ಇಲ್ಲೊಂದು ಚುಕ್ಕಿಯ ಹಾಗಿದೆ, ಯಾವ ಪುಟದಲ್ಲಿ ಕಂಬಳಿ ಹೊದ್ದ ಹಾಗಿದೆ ಎಂದು ಗುರುತು ಮಾಡಿಕೊಳ್ಳಿ.

ನಮ್ಮ ಉದಾಹರಣೆಯ 1,250 ಪದಗಳಲ್ಲಿ ಸುಮಾರು 500 ಪ್ರಬಂಧದ ತುಂಬ ಚದುರಿದ್ದವು. ವಿಧಾನದ ಅಧ್ಯಾಯದಲ್ಲಿ ಸ್ವಲ್ಪ ಜಾಸ್ತಿ. "ಈ ಅಧ್ಯಯನದ ಮುಖ್ಯ ಉದ್ದೇಶ", "ಭಾಗವಹಿಸಿದವರಿಂದ ಲಿಖಿತ ಒಪ್ಪಿಗೆ ಪಡೆಯಲಾಯಿತು", "ಫಲಿತಾಂಶವನ್ನು ಕೆಳಗಿನ ಕೋಷ್ಟಕದಲ್ಲಿ ನೀಡಲಾಗಿದೆ" ಇಂಥ ಮಾತುಗಳು. ಜೊತೆಗೆ ಪರೀಕ್ಷೆಗಳ ಹೆಸರು, ಪ್ರಶ್ನಾವಳಿಯ ಪೂರ್ತಿ ಹೆಸರು, `p < 0.05` ಥರದ ಬರವಣಿಗೆ. ಒಂದೊಂದೂ ಐದರಿಂದ ಹತ್ತು ಪದ. ಸುತ್ತಲಿನ ವಾಕ್ಯ ನಿಮ್ಮದೇ. ಇದು ಆ ಕ್ಷೇತ್ರದವರೆಲ್ಲ ಆಡುವ ಭಾಷೆ. ಇದನ್ನು ಬದಲಿಸಿದರೆ ಲಾಭವಿಲ್ಲ, ನಷ್ಟವೇ ಇದೆ. "ಲಿಖಿತ ಒಪ್ಪಿಗೆ" ಎಂಬುದನ್ನು "ಬರಹರೂಪದ ಸಮ್ಮತಿಸೂಚನೆ" ಎಂದು ಮಾಡಿದರೆ ಓದುವವರಿಗೆ ನಗು ಬರುತ್ತದೆ ಅಷ್ಟೆ.

ಉಳಿದ 750 ಪದಗಳು ಎಲ್ಲಿದ್ದವು? ಎಲ್ಲವೂ ಸಾಹಿತ್ಯ ಸಮೀಕ್ಷೆಯ ಎರಡು ಪುಟಗಳಲ್ಲಿ. ಆ ಎರಡು ಪುಟಗಳ ಒಟ್ಟು ಪದ 1,100. ಅಂದರೆ ಅಲ್ಲಿ ಮೂರರಲ್ಲಿ ಎರಡು ಪಾಲು ಬಣ್ಣ. ಆದರೆ ಪಟ್ಟಿಯಲ್ಲಿ ಅದು ಹನ್ನೊಂದು ಬೇರೆ ಬೇರೆ ಸೋರ್ಸ್‌ಗಳಿಗೆ ಹಂಚಿಹೋಗಿ, ಒಂದೊಂದೂ 1% ಅಥವಾ ಅದಕ್ಕಿಂತ ಕಡಿಮೆ ಎಂದು ಕಾಣುತ್ತಿತ್ತು. ಹನಿ ಹನಿ ಕೂಡಿದರೆ ಹಳ್ಳ ಅಂತಾರಲ್ಲ, ಹಳ್ಳ ಇರುವುದು ಇಲ್ಲೇ.

ಒಂದೇ ಕಡೆಯಿಂದ ಬಂದದ್ದು ಹನ್ನೊಂದಾಗಿ ಒಡೆಯುವುದು ಹೇಗೆ? ನೀವು ಟಿಪ್ಪಣಿ ಮಾಡಿಕೊಂಡದ್ದು ಒಂದು ಪಠ್ಯಪುಸ್ತಕದಿಂದ ಎಂದುಕೊಳ್ಳಿ. ಆ ಪುಸ್ತಕ ಸಾಫ್ಟ್‌ವೇರಿನ ಸಂಗ್ರಹದಲ್ಲಿ ಇಲ್ಲ. ಆದರೆ ಅದೇ ಪುಸ್ತಕದಿಂದ ಒಬ್ಬರು ಒಂದು ವಾಕ್ಯ, ಇನ್ನೊಬ್ಬರು ಮತ್ತೊಂದು ವಾಕ್ಯ ಎತ್ತಿಕೊಂಡ ಬರಹಗಳು ಸಂಗ್ರಹದಲ್ಲಿವೆ. ನಿಮ್ಮ ಪ್ಯಾರಾದ ಒಂದೊಂದು ತುಣುಕು ಆ ಒಬ್ಬೊಬ್ಬರ ಹೆಸರಿಗೆ ಹೋಗುತ್ತದೆ. ಮೂಲ ಪುಸ್ತಕ ಮಾತ್ರ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಇದನ್ನು ಪತ್ತೆಮಾಡಲು ನಾನು ಮಾಡುವುದು ಮೂರು ಕೆಲಸ.

ಮೊದಲು, ಒಂದು ಪ್ಯಾರಾದಲ್ಲಿ ಪಕ್ಕಪಕ್ಕದ ತುಣುಕುಗಳಿಗೆ ಬೇರೆ ಬೇರೆ ಸೋರ್ಸ್ ನಂಬರ್ ಬಿದ್ದಿವೆಯೇ ನೋಡುತ್ತೇನೆ. 14, ಆಮೇಲೆ 31, ಆಮೇಲೆ 9, ನಡುವೆ ಒಂದೊಂದೇ ಬಿಳಿ ಪದ. ಆ ಬಿಳಿ ಪದಗಳನ್ನು ಓದುತ್ತೇನೆ. ಅವು ಬರೀ ಸಮಾನಾರ್ಥಕ ಪದಗಳಾಗಿದ್ದರೆ, ಅಂದರೆ "ಕುಗ್ಗಿಸುತ್ತದೆ" ಇದ್ದಲ್ಲಿ "ತಗ್ಗಿಸುತ್ತದೆ", "ಮುನ್ನ" ಇದ್ದಲ್ಲಿ "ಮೊದಲು" ಎಂದಿದ್ದರೆ, ಅನುಮಾನ ಗಟ್ಟಿಯಾಗುತ್ತದೆ.

ಆಮೇಲೆ `All Sources` ತೆರೆದು, ಅದೇ ಪ್ಯಾರಾವನ್ನು ಬಹುಪಾಲು ಮುಚ್ಚುವ ಒಂದೇ ಸೋರ್ಸ್ ಇದೆಯೇ ಹುಡುಕುತ್ತೇನೆ. ಕೆಲವೊಮ್ಮೆ ಹಿಂದೆ ಅಡಗಿದ್ದ ಒಂದು ಲೇಖನ ಇಲ್ಲಿ 5% ಅಥವಾ 6% ಎಂದು ಕಾಣಿಸಿಕೊಳ್ಳುತ್ತದೆ. ಅದು ಸಿಕ್ಕರೆ ಗುಟ್ಟು ಬಯಲು.

ಸಿಗದಿದ್ದರೆ, ಬಣ್ಣ ಬಿದ್ದ ಒಂದು ಉದ್ದ ವಾಕ್ಯವನ್ನು ಉಲ್ಲೇಖ ಚಿಹ್ನೆಯೊಳಗೆ ಹಾಕಿ ಸರ್ಚ್ ಎಂಜಿನ್‌ನಲ್ಲಿ ಹುಡುಕುತ್ತೇನೆ. ಇದು ಯಾಕೆ ಬೇಕೆಂದರೆ, `Student Paper` ಎಂದು ತೋರಿಸುವ ಸೋರ್ಸ್‌ಗಳನ್ನು ನೇರವಾಗಿ ತೆರೆದು ಓದಲು ಸಾಮಾನ್ಯವಾಗಿ ಆಗುವುದಿಲ್ಲ. ಜೊತೆಗೆ ವಿದ್ಯಾರ್ಥಿಯನ್ನೇ ಕೇಳುತ್ತೇನೆ: "ಈ ಪ್ಯಾರಾ ಬರೆಯುವಾಗ ಮುಂದೆ ಏನು ತೆರೆದಿಟ್ಟುಕೊಂಡಿದ್ದೆ?" ನಿಜ ಹೇಳಬೇಕೆಂದರೆ ಹೆಚ್ಚಿನ ಸಲ ಉತ್ತರ ಸಿಗುವುದು ಈ ಪ್ರಶ್ನೆಯಿಂದಲೇ.

ಸೋರ್ಸ್ ತೆಗೆದು ನೋಡುವ ಪರೀಕ್ಷೆಯೂ ಇದೆ. ಒಂದು 1% ಸೋರ್ಸನ್ನು ಹೊರಗಿಡಿ. ಒಟ್ಟು ಅಂಕಿ ಇಳಿದರೆ ಆ ಮಾತು ಅಲ್ಲಿ ಮಾತ್ರ ಇದೆ, ಹೋಗಿ ಓದಿ. ಇಳಿಯದಿದ್ದರೆ ಅದು ಹಲವು ಕಡೆ ಇದೆ ಎಂದರ್ಥ. ಆದರೆ ಹಲವು ಕಡೆ ಇರುವುದೆಲ್ಲ ಸಾಮಾನ್ಯ ಮಾತಲ್ಲ. ಎಲ್ಲರೂ ನಕಲು ಮಾಡಿದ ವಿಕಿಪೀಡಿಯ ಪ್ಯಾರಾ ಕೂಡ ಹಾಗೇ ವರ್ತಿಸುತ್ತದೆ. ನೋಡಿದ ಮೇಲೆ ಆ ಸೋರ್ಸನ್ನು ವಾಪಸ್ ಸೇರಿಸುವುದನ್ನು ಮರೆಯಬೇಡಿ.

ಹಂತ 5: ಗುಂಪಾಗಿರುವುದನ್ನು ಮತ್ತೆ ಬರೆಯಿರಿ

ಬೇರೆಯವರ ವಾಕ್ಯದ ಅಸ್ಥಿಪಂಜರ ಇಟ್ಟುಕೊಂಡು ಪದ ಮಾತ್ರ ಬದಲಿಸುವುದಕ್ಕೆ ಇಂಗ್ಲಿಷಿನಲ್ಲಿ ಪ್ಯಾಚ್‌ರೈಟಿಂಗ್ ಎಂಬ ಹೆಸರಿದೆ. ಬರವಣಿಗೆ ಕಲಿಸುವ ರೆಬೆಕಾ ಮೂರ್ ಹೋವರ್ಡ್ 1990ರ ದಶಕದಲ್ಲಿ ಈ ಪದವನ್ನು ಬಳಕೆಗೆ ತಂದರು. ಇದನ್ನು ಮಾಡುವವರೆಲ್ಲ ಕಳ್ಳರಲ್ಲ, ವಿಷಯ ಇನ್ನೂ ಪೂರ್ತಿ ಅರಗದ ಕಲಿಕೆಯ ಘಟ್ಟದಲ್ಲಿ ಹೀಗಾಗುತ್ತದೆ ಎನ್ನುವುದು ಅವರ ವಾದ. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಅಂತಿಮ ಪ್ರತಿಯಲ್ಲಿ ಅದು ಉಳಿದರೆ ಪರೀಕ್ಷಕರು ಈ ರಿಯಾಯಿತಿ ಕೊಡುತ್ತಾರೆ ಎಂದು ನಂಬಿ ಕೂರಬೇಡಿ.

ಮೂಲದಲ್ಲಿ ಹೀಗಿತ್ತು ಎಂದುಕೊಳ್ಳಿ:

"ರಾತ್ರಿ ಮಲಗುವ ಮುನ್ನ ಮೊಬೈಲ್ ಪರದೆಯ ಬೆಳಕು ಮೆಲಟೋನಿನ್ ಹಾರ್ಮೋನಿನ ಉತ್ಪತ್ತಿಯನ್ನು ಕುಗ್ಗಿಸುತ್ತದೆ, ಇದರಿಂದ ನಿದ್ದೆ ಬರುವುದು ತಡವಾಗುತ್ತದೆ."

ಪ್ರಬಂಧದಲ್ಲಿ ಹೀಗಿತ್ತು:

"ಮಲಗುವ ಮೊದಲು ಫೋನ್ ಪರದೆಯ ಬೆಳಕು ಮೆಲಟೋನಿನ್ ಹಾರ್ಮೋನಿನ ಉತ್ಪತ್ತಿಯನ್ನು ತಗ್ಗಿಸುತ್ತದೆ, ಇದರಿಂದ ನಿದ್ದೆ ಬರುವುದು ತಡವಾಗುತ್ತದೆ."

ಇಲ್ಲಿ ಬದಲಾದದ್ದು ಬರೀ ಮೂರು ಪದ, ಬಿಟ್ಟದ್ದು ಒಂದು. ಹೊಂದುವ ತುಣುಕುಗಳು ನಾಲ್ಕೈದು ಪದಗಳಷ್ಟೇ. 8 ಪದಗಳ ಮಿತಿ ಹಾಕಿದರೆ ಇವು ಕಣ್ಮರೆಯಾಗಬಹುದು. ಆ ಮಿತಿಯನ್ನು ಮತ್ತೆ ತೆಗೆಯಿರಿ ಎಂದು ಹೇಳಿದ್ದು ಇದಕ್ಕೇ. ಇದಕ್ಕೆ ಇನ್ನೆರಡು ಪದ ಬದಲಿಸಿ ಬಣ್ಣ ಹೋಗಲಾಡಿಸಿದರೂ ವಾಕ್ಯ ಮೂಲದ್ದೇ. ಮೂಲ ಓದಿದವರಿಗೆ ಥಟ್ಟನೆ ಗೊತ್ತಾಗುತ್ತದೆ.

ಸರಿಪಡಿಸುವ ದಾರಿ ಬೇರೆ. ಆ ಪ್ಯಾರಾಕ್ಕೆ ಆಧಾರವಾದ ಎರಡು ಮೂರು ಮೂಲಗಳನ್ನು ಮತ್ತೆ ಓದಿ, ಮುಚ್ಚಿಡಿ. ಈ ಪ್ಯಾರಾ ನನ್ನ ಪ್ರಬಂಧದಲ್ಲಿ ಯಾಕಿದೆ ಎಂದು ಒಂದು ಸಾಲು ಬರೆಯಿರಿ. ಅಲ್ಲಿಂದ ಪ್ಯಾರಾ ಶುರು ಮಾಡಿ. ಕೊನೆಗೆ ಮೂಲ ತೆರೆದು, ವಿಷಯ ಸರಿಯಾಗಿದೆಯೇ, ಆಕರ ನಮೂದಿಸಿದ್ದೀರಾ ಎಂದು ತಾಳೆ ನೋಡಿ. ಹೀಗೆ ಬರಬಹುದು:

"ಈ ಅಧ್ಯಯನದಲ್ಲಿ ಮಲಗುವ ಹೊತ್ತಿನ ಮೊಬೈಲ್ ಬಳಕೆಯನ್ನು ಹಗಲಿನ ಬಳಕೆಯಿಂದ ಬೇರೆಯಾಗಿ ಅಳೆದಿದ್ದೇನೆ. ಪರದೆಯ ಬೆಳಕಿನಿಂದ ಮೆಲಟೋನಿನ್ ಕಡಿಮೆಯಾಗಿ ನಿದ್ದೆ ಹತ್ತುವುದು ತಡವಾಗುತ್ತದೆ ಎಂಬ ವಿವರಣೆ ಇದಕ್ಕೆ ಒಂದು ಕಾರಣ (ಇಲ್ಲಿ ಆಕರ)."

ವಾಕ್ಯದ ಕ್ರಮ ಈಗ ನಿಮ್ಮದು. ಬಣ್ಣ ಹೋಗುವುದು ಅದರ ಹಿಂದೆ ತಾನಾಗೇ ಬರುವ ಫಲ. ಹಾಗೆಯೇ, ಆಕರ ಹಾಕಿದ ಮಾತ್ರಕ್ಕೆ ಪದಶಃ ಎತ್ತಿದ ವಾಕ್ಯ ಸರಿಯಾಗುವುದಿಲ್ಲ. ಮಾತು ಅವರದೇ ಆಗಿ ಬೇಕಿದ್ದರೆ ಉಲ್ಲೇಖ ಚಿಹ್ನೆಯೂ ಬೇಕು.

ಆ ಎರಡು ಪುಟಗಳನ್ನು ಹೀಗೆ ಮತ್ತೆ ಬರೆದರೆ ಉಳಿಯುವುದು ಚದುರಿದ 500 ಪದ, ಸುಮಾರು 6%. ಅದನ್ನು ಸೊನ್ನೆ ಮಾಡಲು ಹೋಗಬೇಡಿ. ಒಂದು ಅಂಕಿಯ ಕೆಳಗಿದ್ದರೆ ಸರಿ, ಮೇಲಿದ್ದರೆ ತಪ್ಪು ಎಂಬ ಗೆರೆಯನ್ನು ಸಾಫ್ಟ್‌ವೇರ್ ಎಳೆಯುವುದಿಲ್ಲ. ನಿಮ್ಮ ಸಂಸ್ಥೆ ಎಳೆದಿದ್ದರೆ ಅದು ಯಾವ ಫಿಲ್ಟರ್‌ಗಳ ನಂತರದ ಅಂಕಿ ಎಂದು ಕೇಳಿ ತಿಳಿದುಕೊಳ್ಳಿ. 34 ಮತ್ತು 16ರ ನಡುವಿನ ಅಂತರ ಬಂದದ್ದು ಫಿಲ್ಟರ್ ಮತ್ತು ಅನುಬಂಧದಿಂದಲೇ.

ಹಂತ 6: ಮತ್ತೆ ಅಪ್‌ಲೋಡ್ ಮಾಡುವ ಮೊದಲು

ಹಳೆಯ ರಿಪೋರ್ಟನ್ನು ಇಳಿಸಿಟ್ಟುಕೊಳ್ಳಿ. ಎಲ್ಲಿ ಏನಿತ್ತು, ಏನು ಮಾಡಿದಿರಿ ಎಂದು ನಾಲ್ಕು ಸಾಲು ಬರೆದು ಗೈಡ್‌ಗೆ ಕೊಡಿ: ರೆಫರೆನ್ಸ್ 900, ಪ್ರಶ್ನಾವಳಿ 420, ಉಲ್ಲೇಖ 150, ಸಾಮಾನ್ಯ ಮಾತು 500, ಮತ್ತೆ ಬರೆದದ್ದು 750. ಬರೀ ಒಂದು ಅಂಕಿ ನೋಡಿ ಗಾಬರಿಯಾಗಿದ್ದವರಿಗೆ ಈ ಐದು ಅಂಕಿ ಸಾಕಷ್ಟು ಹೇಳುತ್ತವೆ.

ಮೊದಲ ಪ್ರತಿ ಎಲ್ಲಿ ಹೋಗಿ ಕೂತಿದೆ ಎಂಬುದನ್ನೂ ವಿಚಾರಿಸಿ. ಅದೇ ಸಲ್ಲಿಕೆ ಜಾಗದಲ್ಲಿ ಹೊಸ ಫೈಲ್ ಹಾಕಿದರೆ ಸಾಮಾನ್ಯವಾಗಿ ಹಳೆಯದರ ಜಾಗಕ್ಕೆ ಹೊಸದು ಬರುತ್ತದೆ. ಮೂರು ಸಲದ ನಂತರ ಹೊಸ ರಿಪೋರ್ಟಿಗೆ 24 ಗಂಟೆ ಕಾಯಬೇಕಾಗಬಹುದು, ಹಾಗಾಗಿ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಆದರೆ ಕರಡನ್ನು ಬೇರೊಂದು ಖಾತೆಯಲ್ಲಿ ಹಾಕಿ, ಅದು ಸಂಗ್ರಹಕ್ಕೆ ಸೇರಿಹೋಗಿದ್ದರೆ, ಅಂತಿಮ ಪ್ರತಿ ನಿಮ್ಮದೇ ಕರಡಿಗೆ ಹೊಂದಿ 90% ದಾಟಬಹುದು. ಆಗ ಪಟ್ಟಿಯ ತುದಿಯಲ್ಲಿ ಒಂದೇ ದೊಡ್ಡ `Student Paper` ನಿಂತಿರುತ್ತದೆ, ಚಿಲ್ಲರೆಯೆಲ್ಲ ಅದರ ಹಿಂದೆ ಅಡಗಿರುತ್ತವೆ. ಗೈಡ್‌ಗೆ ಹೇಳಿ ಆ ಒಂದನ್ನು ಹೊರಗಿಡಿಸಿ. ಆಮೇಲೆ ಹಂತ 4ರಿಂದ ಮತ್ತೆ ನೋಡಿ.